ಮುಷ್ಟಿ ಬಿಗಿಹಿಡಿದು ಬಿ.ಪಿ. ಇಳಿಸುವ ವ್ಯಾಯಾಮ: ಕಲಬುರಗಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬರೀ ಕೈ ಹಿಚುಕೋದ್ರಿಂದ ಬಿ.ಪಿ. ಇಳೀತದಂತಾರಲ್ಲ, ಇದು ಏನ್ರಿ?

ಸುಮ್ಮನೆ ಹಿಚುಕಿ ಬಿಡುವುದಲ್ಲ, ಹಿಡಿದು ನಿಲ್ಲಿಸುವುದು. ಸ್ನಾಯು ಬಿಗಿಯಾಗಿರುತ್ತದೆ, ಬೆರಳಿನ ಕೀಲು ಅಲುಗುವುದಿಲ್ಲ. ಇಂಥದ್ದಕ್ಕೆ ಐಸೊಮೆಟ್ರಿಕ್ ವ್ಯಾಯಾಮ ಎನ್ನುತ್ತಾರೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2017ರಲ್ಲಿ ಹೊರಡಿಸಿದ ಬಿ.ಪಿ. ಮಾರ್ಗಸೂಚಿಯಲ್ಲಿ ಇದರ ಅಳತೆ ಹೀಗಿದೆ: ನಿಮ್ಮ ಕೈಯ ಪೂರ್ತಿ ಶಕ್ತಿಯ ಶೇ 30ರಿಂದ 40ರಷ್ಟು ಬಲದಲ್ಲಿ 2 ನಿಮಿಷ ಹಿಡಿಯಬೇಕು, 1 ನಿಮಿಷ ಬಿಡಬೇಕು. ಹೀಗೆ 4 ಸಲ, ವಾರಕ್ಕೆ 3 ದಿನ, 8ರಿಂದ 10 ವಾರ. ಒಂದು ದಿನದ ಪಾಠಕ್ಕೆ 11 ನಿಮಿಷ ಸಾಕು. ಮನೆಯಲ್ಲಿ ಮಾಡುವವರು ಶೇ 30ಕ್ಕೇ ನಿಂತರೆ ಒಳ್ಳೆಯದು. ಅದಕ್ಕೂ ಮೇಲೆ ಹೋದರೆ ಎರಡು ನಿಮಿಷ ಪೂರೈಸುವುದೇ ಕಷ್ಟವಾಗುತ್ತದೆ.

ಎಷ್ಟು ಇಳೀತದ?

ಅದೇ ಮಾರ್ಗಸೂಚಿ ಹೇಳುವ ಪ್ರಕಾರ, ಬಿ.ಪಿ. ಇದ್ದವರಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿಯುತ್ತದೆ. ಕೆಲವು ಅಧ್ಯಯನಗಳಲ್ಲಿ ಇದಕ್ಕಿಂತ ಹೆಚ್ಚು ಇಳಿದಿದೆ. ಆದರೆ ಹೆಚ್ಚಿನವು ಸಣ್ಣ ಅಧ್ಯಯನಗಳು, ಕೆಲವೇ ಜನರ ಮೇಲೆ ನಡೆದವು. ಮೊದಲೇ ಗುಳಿಗೆ ತೆಗೆದುಕೊಳ್ಳುತ್ತಿದ್ದವರ ಮೇಲೆ ನಡೆದ ಕೆಲವು ಅಧ್ಯಯನಗಳಲ್ಲಿ ಏನೂ ಇಳಿಯದ ಉದಾಹರಣೆಯೂ ಇದೆ. 2013ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಔಷಧಿ ಬಿಟ್ಟು ಉಳಿದ ದಾರಿಗಳನ್ನೆಲ್ಲ ತೂಗಿ ನೋಡಿದಾಗ, ನಡಿಗೆಯಂಥ ವ್ಯಾಯಾಮಕ್ಕೆ ಮೇಲಿನ ಸ್ಥಾನ ಕೊಟ್ಟು, ಇದನ್ನು ‘ಬೇಕಿದ್ದರೆ ಪರಿಗಣಿಸಬಹುದು’ ಎಂಬ ಕೆಳಗಿನ ಸಾಲಿನಲ್ಲಿ ಇಟ್ಟಿತು. 160 ಇದ್ದದ್ದು 120ಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಯಂತ್ರ ಮಾರುವವರೇ ಇರಬೇಕು.

ಭಾರ ಎತ್ತಬೇಡ, ಬಿ.ಪಿ. ಏರ್ತದ ಅಂತ ಡಾಕ್ಟರ್ ಹೇಳ್ತಾರ. ಬಿಗಿ ಹಿಡಿದ್ರ ಹ್ಯಾಂಗ ಇಳೀತದ?

ಹಿಡಿದ ಆ ಎರಡು ನಿಮಿಷ ಬಿ.ಪಿ. ಏರುವುದು ನಿಜ. ಇಳಿಯುವುದು ಆಮೇಲೆ, ಅದೂ ವಾರಗಟ್ಟಲೆ ಮಾಡಿದ ಮೇಲೆ. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಒತ್ತುತ್ತದೆ, ಮುಂಗೈಗೆ ರಕ್ತ ಕಡಿಮೆ ಹರಿಯುತ್ತದೆ. ಬಿಟ್ಟ ಕೂಡಲೇ ರಕ್ತ ರಭಸದಿಂದ ನುಗ್ಗುತ್ತದೆ. ಈ ನುಗ್ಗುವಿಕೆ ಮತ್ತೆ ಮತ್ತೆ ಆದಾಗ ರಕ್ತನಾಳದ ಒಳಪದರ ಸಡಿಲಾಗುವ ಅಭ್ಯಾಸವನ್ನು ಚೆನ್ನಾಗಿ ಮಾಡಿಕೊಳ್ಳುತ್ತದೆ ಎಂಬುದು ಒಂದು ವಿವರಣೆ. ರಕ್ತನಾಳಗಳನ್ನು ಬಿಗಿಯುವ ನರಗಳ ಚುರುಕು ತಗ್ಗುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಸ್ವಲ್ಪ ಸ್ವಲ್ಪ ಪುರಾವೆ ಇದೆ.

ಹಾಗಾಗಿ ಬಲದ ಅಳತೆಯೇ ಇಲ್ಲಿ ಮುಖ್ಯ. ಶೇ 30ರಲ್ಲಿ ಏರಿಕೆ ಮಿತಿಯಲ್ಲಿರುತ್ತದೆ. ಹಲ್ಲು ಕಚ್ಚಿ, ಉಸಿರು ಕಟ್ಟಿ, ಪೂರ್ತಿ ಬಲ ಹಾಕಿ ಹಿಡಿದರೆ ಡಾಕ್ಟರ್ ಬೇಡ ಎಂದ ಕೆಲಸವನ್ನೇ ಮಾಡಿದಂತಾಗುತ್ತದೆ.

ದಿನಾ ಇಪ್ಪತ್ತು ರೊಟ್ಟಿ ಬಡೀತೀನಿ, ಅದರಾಗೇ ಕೈಗೆ ವ್ಯಾಯಾಮ ಆಗಲಿಲ್ಲೇನ್ರಿ?

ಕೈಗೆ ದುಡಿಮೆ ಆಯಿತು, ಈ ವ್ಯಾಯಾಮ ಆಗಲಿಲ್ಲ. ಜೋಳದ ರೊಟ್ಟಿ ಬಡಿಯುವಾಗ ಸ್ನಾಯು ಕ್ಷಣಕ್ಕೊಮ್ಮೆ ಬಿಗಿದು ಸಡಿಲಾಗುತ್ತದೆ, ಎರಡು ನಿಮಿಷ ಒಂದೇ ಬಿಗಿಯಲ್ಲಿ ನಿಲ್ಲುವುದಿಲ್ಲ. ತುಂಬಿದ ಕೊಡ ಹಿಡಿದು ನಡೆಯುವುದು ಹಿಡಿತವೇ ಹೌದು, ಆದರೆ ಆ ಭಾರ ನಿಮ್ಮ ಶಕ್ತಿಯ ಎಷ್ಟನೇ ಪಾಲು ಎಂಬ ಲೆಕ್ಕ ಇರುವುದಿಲ್ಲ. ಕೊಡ ಎತ್ತುವಾಗ ಬಹಳ ಜನ ಉಸಿರನ್ನೂ ಕಟ್ಟುತ್ತಾರೆ.

ಬೀದರಿನಲ್ಲಿ ಬಿದರಿ ಕೆತ್ತನೆ ಮಾಡುವವರದು ಬೇರೆ ಮಾತು. ಉಳಿಯನ್ನು ತಾಸುಗಟ್ಟಲೆ ಹಿಡಿಯುವ ಕೈಗೆ ವಿಶ್ರಾಂತಿ ಮೊದಲೇ ಕಡಿಮೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅಂಥವರು ಈ ವ್ಯಾಯಾಮ ಶುರು ಮಾಡಬಾರದು, ಮೊದಲು ಕೈ ತೋರಿಸಿಕೊಳ್ಳಬೇಕು. ಹತ್ತಿ ಬಿಡಿಸುವ ದಿನಗಳಲ್ಲಿ ಬೆರಳು ಊದಿದ್ದರೂ ಅಷ್ಟೇ, ಸುಗ್ಗಿ ಮುಗಿದ ಮೇಲೆ ನೋಡಿದರಾಯಿತು.

ಯಾವ ಸಾಮಾನು ತಗೋಬೇಕು?

ಅಂಕಿ ತೋರಿಸುವ ಡಿಜಿಟಲ್ ಡೈನಮೊಮೀಟರ್ ಸಿಕ್ಕರೆ ಅದೇ ಒಳ್ಳೆಯದು. ಹಿಡಿಯಾಕಾರದ ಈ ಉಪಕರಣವನ್ನು ಹಿಚುಕಿದಷ್ಟೂ ಹೊತ್ತು ಎಷ್ಟು ಕೆ.ಜಿ. ಬಲ ಬೀಳುತ್ತಿದೆ ಎಂದು ಅದು ತೋರಿಸುತ್ತಿರಬೇಕು. ಕೆಲವು ಮಾದರಿಗಳು ಗರಿಷ್ಠ ಅಂಕಿಯನ್ನಷ್ಟೇ ಹಿಡಿದಿಟ್ಟು ತೋರಿಸುತ್ತವೆ. ಅಂಥವು ಶಕ್ತಿ ಅಳೆಯಲು ಸಾಕು, ಎರಡು ನಿಮಿಷದ ಹಿಡಿತಕ್ಕೆ ಉಪಯೋಗವಿಲ್ಲ. ಕೊಳ್ಳುವ ಮುಂಚೆ ಇದನ್ನು ಕೇಳಿ ನೋಡಿ.

ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ಗ್ರಿಪ್ಪರ್‌ಗೆ ತಿರುಪಿ ಬಲ ಹೆಚ್ಚು ಕಡಿಮೆ ಮಾಡುವ ತಿರುಗಣಿ ಇರುತ್ತದೆ. ಅದರ ಮೇಲೆ ಬರೆದ ಕೆ.ಜಿ. ಹಿಡಿಗಳು ಪೂರ್ತಿ ಕೂಡಿದಾಗಿನದು, ಅದನ್ನೂ ಅಂದಾಜು ಎಂದೇ ತಿಳಿಯಬೇಕು. ಎರಡು ಹಿಡಿಗಳ ನಡುವೆ ಒಂದು ರೂಪಾಯಿ ನಾಣ್ಯ ಸಿಕ್ಕಿಸಿ ಹಿಡಿದರೆ ಕೈ ಸಡಿಲಾದ ಕೂಡಲೇ ಅದು ಬಿದ್ದು ತಿಳಿಸುತ್ತದೆ. ತೊಂದರೆ ಎಂದರೆ ಬಹಳಷ್ಟು ಗ್ರಿಪ್ಪರ್‌ಗಳು 10 ಕೆ.ಜಿ.ಯಿಂದಲೇ ಶುರುವಾಗುತ್ತವೆ. ಕೈಯ ಪೂರ್ತಿ ಶಕ್ತಿ 18 ಕೆ.ಜಿ. ಇರುವ ಹಿರಿಯ ಹೆಣ್ಣುಮಗಳಿಗೆ ಬೇಕಿರುವುದು 5.4 ಕೆ.ಜಿ. ಮಾತ್ರ, 10 ಎಂದರೆ ಅವರ ಶಕ್ತಿಯ ಅರ್ಧಕ್ಕೂ ಮೇಲೆ.

ರಬ್ಬರ್ ಚೆಂಡಿನಲ್ಲಿ ಅಳತೆ ಸಿಗುವುದಿಲ್ಲ. ಬೇರೇನೂ ಇಲ್ಲದಿದ್ದರೆ ಅದನ್ನೇ ಹಿಡಿಯಬಹುದು, ಆದರೆ ಅದರ ಫಲವನ್ನು ಅಧ್ಯಯನದ ಅಂಕಿಗಳ ಜೊತೆ ಹೋಲಿಸಬೇಡಿ.

ಮನೆಯಾಗ ಹಳೇ ಮುಳ್ಳಿನ ಬಿ.ಪಿ. ಯಂತ್ರ ಬಿದ್ದದ, ಅದರಿಂದ ಆಗ್ತದೇನು?

ಆಗುತ್ತದೆ. ಕೈಗೆ ಸುತ್ತುವ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪಕ್ಕೆ ಸುರುಳಿ ಸುತ್ತಿ, ಎರಡು ತುದಿಗೆ ಬಟ್ಟೆಯ ಪಟ್ಟಿ ಕಟ್ಟಿ. ಗಾಳಿ ಬಿಡುವ ತಿರುಪನ್ನು ಮುಚ್ಚಿ, ಮುಳ್ಳು 20ಕ್ಕೆ ಬರುವಷ್ಟು ಗಾಳಿ ಹಾಕಿ. ಈಗ ಉಸಿರು ಬಿಡುತ್ತ ಪೂರ್ತಿ ಹಿಚುಕಿದಾಗ ಮುಳ್ಳು 140ಕ್ಕೆ ಹೋಯಿತು ಎನ್ನೋಣ. ಏರಿದ್ದು 120. ಅದರ ಶೇ 30 ಎಂದರೆ 36. ಮೊದಲಿದ್ದ 20 ಕೂಡಿಸಿದರೆ 56. ಎರಡು ನಿಮಿಷ ಮುಳ್ಳನ್ನು 56ರ ಆಸುಪಾಸಿನಲ್ಲೇ ನಿಲ್ಲಿಸಬೇಕು. 140ರ ಶೇ 30 ತೆಗೆದು 42ಕ್ಕೆ ಹಿಡಿಯುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ಮಾಡಿದರೆ ಬಲ ಶೇ 20ಕ್ಕೂ ಕಡಿಮೆ ಬೀಳುತ್ತದೆ.

ಪ್ರತಿ ಸಲ ಕೈ ಬಿಟ್ಟಾಗ ಮುಳ್ಳು 20ಕ್ಕೆ ಮರಳಬೇಕು. 12ಕ್ಕೋ 10ಕ್ಕೋ ಬಂದು ನಿಂತರೆ ಗಾಳಿ ಸೋರುತ್ತಿದೆ ಎಂದರ್ಥ. ಸೋರುವ ಪಟ್ಟಿಯಲ್ಲಿ ಮುಳ್ಳನ್ನು 56ರಲ್ಲಿ ಇಡಲು ಹೋದರೆ ನಿಮಗೆ ಗೊತ್ತಿಲ್ಲದೆಯೇ ಬಲ ಹೆಚ್ಚುತ್ತ ಹೋಗುತ್ತದೆ. ಮುಳ್ಳಿನ ಏರಿಕೆ ಕೆ.ಜಿ.ಗೆ ಸರಿಯಾಗಿ ಹೊಂದುವುದಿಲ್ಲವಾದ್ದರಿಂದ ಇದು ಅಂದಾಜಿನ ಲೆಕ್ಕ. ಚೆಂಡಿಗಿಂತ ಎಷ್ಟೋ ಮೇಲು, ಅಷ್ಟೆ. ಗಟ್ಟಿ ಕೈಯವರು ಮುಳ್ಳನ್ನು 300 ದಾಟಿಸಿ ಕೆಡಿಸಬಹುದು, ಹಾಗಾಗಿ ಬಿ.ಪಿ. ನೋಡಲು ಬಳಸುವ ಯಂತ್ರವನ್ನು ಇದಕ್ಕೆ ತೆಗೆಯಬೇಡಿ. ಪಾದರಸದ ಯಂತ್ರ ಬೇಡವೇ ಬೇಡ. ಬ್ಯಾಟರಿಯ ಡಿಜಿಟಲ್ ಯಂತ್ರದಿಂದ ಈ ಕೆಲಸ ಆಗುವುದಿಲ್ಲ.

ಒಂದು ದಿನದ ಪಾಠ ಹ್ಯಾಂಗ ಮಾಡ್ಬೇಕು?

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು, ಪಾದಗಳನ್ನು ನೆಲಕ್ಕೆ ಊರಿ, ಮುಂಗೈಯನ್ನು ಮೇಜಿನ ಮೇಲೆ ಇಡಿ. ಮೊಣಕೈ ಕಾಟಕೋನದಲ್ಲಿರಲಿ, ಮಣಿಕಟ್ಟು ನೇರವಿರಲಿ. ಹಿಡಿಯ ಅಗಲ ಸರಿಪಡಿಸಬಹುದಾದರೆ, ಬೆರಳುಗಳ ನಡುವಿನ ಗೆಣ್ಣು ಹಿಡಿಯ ಮೇಲೆ ಬಾಗಿ ಕೂರುವಂತೆ ಮಾಡಿಕೊಳ್ಳಿ. ತೀರ ಅಗಲವಾದರೆ ಬೆರಳ ತುದಿಯಲ್ಲಷ್ಟೇ ಹಿಡಿದಂತಾಗಿ ಶಕ್ತಿ ಕಡಿಮೆ ತೋರಿಸುತ್ತದೆ.

ಮೊದಲು ಪೂರ್ತಿ ಶಕ್ತಿ ಅಳೆಯಬೇಕು. ಉಸಿರು ಹೊರಬಿಡುತ್ತ 3 ಸೆಕೆಂಡು ಹಿಚುಕಿ, ಒಂದು ನಿಮಿಷ ಬಿಟ್ಟು ಮತ್ತೆ, ಹೀಗೆ ಮೂರು ಸಲ. ದೊಡ್ಡ ಅಂಕಿಯನ್ನು ಹಿಡಿಯಿರಿ. ಬಲಗೈಗೆ 28, 31, 30 ಬಂದರೆ ಲೆಕ್ಕಕ್ಕೆ 31, ಅದರ ಶೇ 30 ಎಂದರೆ 9.3 ಕೆ.ಜಿ. ಎಡಗೈಯನ್ನು ಬೇರೆಯಾಗಿಯೇ ಅಳೆಯಿರಿ. ಅಲ್ಲಿ 27 ಬಂದರೆ 8.1. ಈ ಅಳತೆಯನ್ನು ಎರಡು ವಾರಕ್ಕೊಮ್ಮೆ ಮತ್ತೆ ಮಾಡಿ, ಏಕೆಂದರೆ ಕೈ ಬಲಿತ ಹಾಗೆ ಹಳೆಯ ಅಂಕಿ ಶೇ 30ಕ್ಕಿಂತ ಕೆಳಗಾಗುತ್ತದೆ. ಹೊಲದ ಕೆಲಸ ಮುಗಿಸಿ ಬಂದ ಕೈಯಿಂದ ಅಳೆದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ, ಬೆಳಿಗ್ಗೆ ಅಳೆಯಿರಿ.

ಆಮೇಲೆ ಬಲಗೈ 2 ನಿಮಿಷ, ಬಿಡುವು 1 ನಿಮಿಷ, ಎಡಗೈ 2 ನಿಮಿಷ, ಬಿಡುವು, ಮತ್ತೆ ಬಲಗೈ, ಬಿಡುವು, ಮತ್ತೆ ಎಡಗೈ. ಒಂದೇ ಕೈಯಲ್ಲಿ ನಾಲ್ಕೂ ಸಲ ಮಾಡಿಸಿದ ಅಧ್ಯಯನಗಳೂ ಇವೆ. ಕೈ ಬದಲಿಸುತ್ತ ಹೋದರೆ ಹೊಸಬರಿಗೆ ನೋವು ಕಡಿಮೆ. ಮೊದಲ ಅರ್ಧ ನಿಮಿಷ ಇದರಲ್ಲೇನಿದೆ ಎನಿಸುವಷ್ಟು ಹಗುರ. ಒಂದೂವರೆ ನಿಮಿಷ ದಾಟಿದ ಮೇಲೆ ಮುಂಗೈ ಉರಿಯತೊಡಗಿ ಅಂಕಿ ಜಾರುತ್ತದೆ. ಅಂಕಿಯ ಮೇಲೇ ಕಣ್ಣಿಟ್ಟಿರಬೇಕಾದ್ದು ಆಗ. ಶೇ 30ರಲ್ಲಿ ಒಂದು ನಿಮಿಷವೂ ನಿಲ್ಲಲಾಗದಿದ್ದರೆ ನಿಮ್ಮ ಗರಿಷ್ಠ ಅಂಕಿಯನ್ನು ತಪ್ಪಾಗಿ ಅಳೆದಿರುವ ಸಾಧ್ಯತೆಯೇ ಹೆಚ್ಚು.

ಪಾಠದ ದಿನಗಳ ನಡುವೆ ಒಂದು ದಿನ ಬಿಡುವಿರಲಿ. ಒಂದು ವಾರ ತಪ್ಪಿತೆಂದು ಮುಂದಿನ ವಾರ ದುಪ್ಪಟ್ಟು ಮಾಡಬೇಡಿ.

ಉಸಿರಿನ ಬಗ್ಗೆ ಇಷ್ಟ್ಯಾಕ ಹೇಳ್ತೀರಿ?

ಉಸಿರು ಕಟ್ಟಿ ಬಿಗಿ ಹಿಡಿದಾಗ ಎದೆಯೊಳಗಿನ ಒತ್ತಡವೂ ಸೇರಿ ಬಿ.ಪಿ. ಒಮ್ಮೆಲೇ ಜಿಗಿಯುತ್ತದೆ, ಬಿಟ್ಟಾಗ ಒಮ್ಮೆಲೇ ಬೀಳುತ್ತದೆ. ತಲೆ ಸುತ್ತುವುದು ಇದರಿಂದಲೇ. ಉಸಿರು ಕಟ್ಟಿದ್ದು ಕಟ್ಟಿದವರಿಗೇ ಗೊತ್ತಾಗುವುದಿಲ್ಲ. ಅದಕ್ಕೆ ಹಿಡಿದಷ್ಟು ಹೊತ್ತೂ ಬಾಯಿಬಿಟ್ಟು ಒಂದು, ಎರಡು ಎಂದು ಎಣಿಸಿ, ಅಥವಾ ಪಕ್ಕದವರ ಜೊತೆ ಮಾತಾಡಿ. ಮಾತು ತಡೆದು ತಡೆದು ಬರುತ್ತಿದೆ ಎಂದರೆ ಬಲ ಹೆಚ್ಚಾಗಿದೆ ಅಥವಾ ಉಸಿರು ಕಟ್ಟಿದೆ. ಹಲ್ಲು ಕಚ್ಚುವುದು, ಹೆಗಲು ಏರಿಸುವುದು, ತೊಡೆ ಬಿಗಿಯುವುದು ಕೂಡ ಇದೇ ಸಾಲಿಗೆ ಸೇರಿದವು. ಬಿಗಿಯಬೇಕಾದ್ದು ಮುಂಗೈ ಒಂದೇ.

ಎದೆನೋವು, ಜೋರು ತಲೆನೋವು, ಕಣ್ಣು ಮಂಜಾಗುವುದು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಎದೆನೋವು ಹೋಗದಿದ್ದರೆ ಅಥವಾ ಮಾತು ತೊದಲಿ, ಒಂದು ಕಡೆ ಕೈಕಾಲು ಸೋತರೆ 108ಕ್ಕೆ ಫೋನ್ ಮಾಡಿ.

ಎರಡು ವಾರಕ್ಕ ಕೈ ನೋಯಲಿಕ್ಕ ಹತ್ತಿತು. ನೋವಿನ ಗುಳಿಗಿ ತಗೊಂಡು ಮಾಡ್ಲೇನು?

ಬೇಡ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ದೇಹದಲ್ಲಿ ಉಪ್ಪು, ನೀರು ನಿಲ್ಲಿಸಿ ಬಿ.ಪಿ. ಏರಿಸುತ್ತವೆ, ಕೆಲವು ಬಿ.ಪಿ. ಗುಳಿಗೆಗಳ ಕೆಲಸವನ್ನೂ ಕೆಡಿಸುತ್ತವೆ. ವ್ಯಾಯಾಮದಿಂದ ಸಿಗಬಹುದಾದ ಆ ನಾಲ್ಕೈದು ಅಂಕಿ ಅಲ್ಲಿಗೇ ಹೋಯಿತು.

ಮುಂಗೈಯ ಮಾಂಸಖಂಡ ಒಂದು ದಿನ ನೊಂದು ಹೋದರೆ ಚಿಂತೆ ಇಲ್ಲ. ಕೀಲಿನಲ್ಲಿ ನೋವು, ಬೆಳಿಗ್ಗೆ ಬೆರಳು ಬಗ್ಗಿದಲ್ಲೇ ಸಿಕ್ಕಿಕೊಂಡು ಟಕ್ಕೆಂದು ಬಿಚ್ಚುವುದು, ಜುಮುಗುಟ್ಟುವಿಕೆ ಇದ್ದರೆ ನಿಲ್ಲಿಸಿ. ಇಂಥವರಿಗೆ, ಮೊಣಕಾಲು ಗಟ್ಟಿ ಇದ್ದರೆ, ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಲ್ಲಿ ಕೂತಂತೆ ನಿಲ್ಲುವ ವ್ಯಾಯಾಮದ ಬಗ್ಗೆ ಡಾಕ್ಟರನ್ನು ಕೇಳಬಹುದು. 2023ರಲ್ಲಿ ಬಂದ ದೊಡ್ಡ ತುಲನಾ ವಿಶ್ಲೇಷಣೆಯೊಂದರಲ್ಲಿ ಐಸೊಮೆಟ್ರಿಕ್ ವ್ಯಾಯಾಮಗಳ ಪೈಕಿ ಮುಂದೆ ನಿಂತದ್ದು ಇದೇ.

ಇಳಿದದ ಅಂತ ಹ್ಯಾಂಗ ಗೊತ್ತಾಗಬೇಕು?

ಬಹಳ ಜನ ಮೋಸ ಹೋಗುವುದು ಇಲ್ಲೇ. ಒಂದೇ ದಿನದಲ್ಲಿ ಒಬ್ಬರ ಬಿ.ಪಿ. 15-20 ಅಂಕಿ ಏರಿಳಿಯುತ್ತದೆ. ನೀವು ಹುಡುಕುತ್ತಿರುವುದು 5 ಅಂಕಿಯ ಬದಲಾವಣೆ. ಒಂದು ಸಲ ನೋಡಿದ ಬಿ.ಪಿ.ಯಿಂದ ಅದು ಕಾಣುವುದಿಲ್ಲ.

ವ್ಯಾಯಾಮ ಶುರು ಮಾಡುವ ಮುಂಚೆ ಒಂದು ವಾರ, ಹತ್ತನೇ ವಾರ ಮುಗಿದ ಮೇಲೆ ಒಂದು ವಾರ, ಬೆಳಿಗ್ಗೆ ಮತ್ತು ಸಂಜೆ ನೋಡಬೇಕು. ಚಹಾ, ತಂಬಾಕು, ಗುಟ್ಕಾ ಬಿಟ್ಟು ಅರ್ಧ ತಾಸಾಗಿರಲಿ, ಮೂತ್ರಕ್ಕೆ ಹೋಗಿ ಬಂದಿರಲಿ. ಬೆನ್ನು ಒರಗಿಸಿ 5 ನಿಮಿಷ ಮಾತಿಲ್ಲದೆ ಕೂತು, ಬರಿಯ ತೋಳಿಗೆ ಪಟ್ಟಿ ಸುತ್ತಿ, ಅದು ಎದೆಯ ಮಟ್ಟಕ್ಕೆ ಬರುವಂತೆ ಕೈ ಇಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ. ಎರಡೂ ವಾರ ಅದೇ ತೋಳು, ಅದೇ ಯಂತ್ರ ಇರಬೇಕು. ವ್ಯಾಯಾಮ ಮಾಡಿದ ಕೂಡಲೇ ನೋಡಬೇಡಿ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುವ 54 ವರ್ಷದವರೊಬ್ಬರ ಮೊದಲ ವಾರದ ಸರಾಸರಿ 144/90 ಎನ್ನಿ. ಆ ವಾರದ ಅಂಕಿಗಳು 134ರಿಂದ 152ರವರೆಗೆ ಹರಡಿದ್ದವು. ಹತ್ತು ವಾರದ ಮೇಲೆ ಸರಾಸರಿ 138/87 ಬಂತು. ಆರು ಅಂಕಿ ಇಳಿದಿದೆ. ಇದು ವ್ಯಾಯಾಮದ ಫಲವೋ?

ಯಾವ ತಿಂಗಳಲ್ಲಿ ಮಾಡಿದ್ದು ಎಂಬುದರ ಮೇಲೆ ನಿಂತಿದೆ. ಫೆಬ್ರುವರಿಯಲ್ಲಿ ಶುರು ಮಾಡಿ ಏಪ್ರಿಲ್ ಕೊನೆಗೆ ಅಳೆದಿದ್ದರೆ ಹೌದೆನ್ನಲು ಬರುವುದಿಲ್ಲ. ಕಲಬುರಗಿ, ಯಾದಗಿರಿಯಲ್ಲಿ ಆ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಸೆಕೆಗೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಬೆವರಿನಲ್ಲಿ ನೀರು, ಉಪ್ಪು ಹೋಗುತ್ತವೆ, ಬಿ.ಪಿ. ತಾನಾಗಿಯೇ ಇಷ್ಟು ಇಳಿಯಬಹುದು. ಅದೇ ಅಂಕಿ ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಮಾಡಿ ಬಂದಿದ್ದರೆ ನಂಬಲು ಹೆಚ್ಚು ಕಾರಣವಿದೆ, ಚಳಿಗಾಲದಲ್ಲಿ ಬಿ.ಪಿ. ಸಾಮಾನ್ಯವಾಗಿ ಏರಬೇಕಿತ್ತು. ಈ ನಡುವೆ ಗುಳಿಗೆ ಬದಲಾಗಿದ್ದರೆ, ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದರೆ ಅದನ್ನೂ ವಹಿಯಲ್ಲಿ ಬರೆದಿರಬೇಕು.

ಇನ್ನೊಂದು ಮಾತು: 138/87 ಬಂದರೂ ಮನೆಯಲ್ಲಿ ನೋಡುವ ಬಿ.ಪಿ.ಗೆ 135/85 ಗೆರೆ. ಇವರದು ಇನ್ನೂ ಗೆರೆಯ ಮೇಲೇ ಇದೆ.

ಹಂಗಾದ್ರ ಗುಳಿಗಿ ಬಿಡಬಹುದೇನು?

ನೀವಾಗಿ ಬಿಡಬಾರದು. ಕೆಲವು ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಬಿ.ಪಿ. ಮೊದಲಿಗಿಂತ ಮೇಲಕ್ಕೆ ಹಾರುತ್ತದೆ. ವಹಿಯನ್ನು ಡಾಕ್ಟರಿಗೆ ತೋರಿಸಿ, ಪ್ರಮಾಣ ಇಳಿಸುವುದು ಬಿಡುವುದು ಅವರು ಹೇಳಲಿ. ಬೇಸಿಗೆಯಲ್ಲಿ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಅದನ್ನು ‘ವ್ಯಾಯಾಮ ಹತ್ತಿತು’ ಎಂದುಕೊಳ್ಳದೆ ಬೇಗ ತೋರಿಸಬೇಕು.

ಯಾರು ಮಾಡಬಾರದು?

ಬಿ.ಪಿ. 180/110 ಅಥವಾ ಅದಕ್ಕೂ ಮೇಲಿದ್ದರೆ ಅದು ಹತೋಟಿಗೆ ಬರುವವರೆಗೆ ಬೇಡ. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ನಡೆದರೆ ಎದೆನೋವು ಬರುವವರು, ಹೃದಯದ ಕವಾಟ ಕಿರಿದಾದವರು, ಮಹಾಪಧಮನಿ ಉಬ್ಬಿದೆ ಎಂದು ಸ್ಕ್ಯಾನಿನಲ್ಲಿ ಬಂದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಯಲ್ಲಿ ರಕ್ತ ಸೋರಿದವರು, ಕಣ್ಣಿನ ಆಪರೇಷನ್ ಹೊಸದಾಗಿ ಆದವರು, ಗರ್ಭಿಣಿಯರು ತಮ್ಮ ಡಾಕ್ಟರ್ ಒಪ್ಪದೆ ಶುರು ಮಾಡಬಾರದು. ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡವರಿಗೆ ಚೆಂಡು ಹಿಚುಕಲು ಹೇಳಿರುತ್ತಾರೆ. ಅದು ರಕ್ತನಾಳ ದಪ್ಪವಾಗಲೆಂದು ಹೇಳಿದ ಬೇರೆ ವ್ಯಾಯಾಮ, ಅದಕ್ಕೆ ಇಲ್ಲಿನ ಲೆಕ್ಕ ಹಚ್ಚಬೇಡಿ.

ಹತ್ತು ವಾರ ಆದ ಮ್ಯಾಲ ಬಿಟ್ರ?

ಮರಳಿ ಏರುತ್ತದೆ. 1992ರಲ್ಲಿ ಪ್ರಕಟವಾದ ಆರಂಭದ ಅಧ್ಯಯನವೊಂದರಲ್ಲೇ, ವ್ಯಾಯಾಮ ನಿಲ್ಲಿಸಿ 5 ವಾರ ಆಗುವಷ್ಟರಲ್ಲಿ ಬಿ.ಪಿ. ಮೊದಲಿದ್ದಲ್ಲಿಗೆ ಬಂದಿತ್ತು. ಹತ್ತು ವಾರದ ವಹಿಯಲ್ಲಿ ಇಳಿಕೆ ಕಂಡಿದ್ದರೆ ವಾರಕ್ಕೆ ಮೂರು ದಿನ ಹಾಗೇ ನಡೆಸಿಕೊಂಡು ಹೋಗಿ. ಸರಿಯಾದ ಬಲ, ಸರಿಯಾದ ಉಸಿರು, ಸರಿಯಾದ ಅಳತೆ ಇದ್ದೂ ಸರಾಸರಿ ಅಲ್ಲೇ ಇದ್ದರೆ ಇದು ನಿಮಗೆ ಹತ್ತಲಿಲ್ಲ ಎಂದು ತಿಳಿದು ಬಿಟ್ಟುಬಿಡಿ, ಆ ಹೊತ್ತನ್ನು ನಡಿಗೆಗೆ ಕೊಡಿ.